ರಿಲೇಗೆ ಕಾಣದ ಬಿಸಿ

“ಐವತ್ತು ಎಚ್‌ಪಿ ಮೋಟರಿಗೆ ಇಪ್ಪತ್ತೈದು ಸ್ಕ್ವೇರ್ ಸಾಕಾಗ್ತೈತ್ರೀ ಸರ. ಮೊದ್ಲಿಂದ್ಲೂ ಅದನ್ನೇ ಹಾಕ್ಕೊಂತ ಬಂದೀವಿ.”

ಅಕ್ಕಿ ಗಿರಣಿಗಳ ವೈರಿಂಗ್ ಮಾಡುವವರ ಬಾಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ತಿಳಿಗೇಡಿಗಳಲ್ಲ. ಕ್ಯಾಟಲಾಗ್ ತೆಗೆದು ತೋರಿಸುತ್ತಾರೆ: 25 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಪಿವಿಸಿ ಆರ್ಮರ್ಡ್ ಕೇಬಲ್, ಗಾಳಿಯಲ್ಲಿ 70 ಆಂಪಿಯರ್. ಮೋಟರಿನ ನಾಮಫಲಕದಲ್ಲಿ 65 ಆಂಪಿಯರ್ ಎಂದಿದೆ. ಎಪ್ಪತ್ತರೊಳಗೆ ಅರವತ್ತೈದು ಸಲೀಸಾಗಿ ಹಿಡಿಯುತ್ತದೆ, ಐದು ಆಂಪಿಯರ್ ಮಿಗುತ್ತದೆ ಕೂಡ. ಆದರೂ ಆ ಕೇಬಲ್ ಇಂದು ಬೇಯುತ್ತಿದೆ. ಮುಂದಿನ ಬೇಸಿಗೆಗಳಲ್ಲಿ ಇನ್ನಷ್ಟು ಬೇಯಲಿದೆ. ಗಿರಣಿಯಲ್ಲಿರುವ ಯಾವ ಮೀಟರೂ ಯಾವ ಸ್ವಿಚ್ಚೂ ಅದನ್ನು ಹೇಳುತ್ತಿಲ್ಲ.

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯ ಒಂದು ಗಿರಣಿಯನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಇದು ಯಾವುದೋ ಒಂದು ಗಿರಣಿಯ ಕಥೆಯಲ್ಲ. ಆ ಭಾಗದ ಹತ್ತಾರು ಶೆಡ್‌ಗಳಲ್ಲಿ ಕಾಣುವುದನ್ನೇ ಒಂದೆಡೆ ಕೂಡಿಸಿದ್ದೇನೆ. ಬೇಸಿಗೆ ಭತ್ತದ ಕೊಯ್ಲು ಆಗುವುದು ಏಪ್ರಿಲ್–ಮೇ ಹೊತ್ತಿಗೆ. ಹಸಿ ಭತ್ತ ಒಣಗಿಸುವ ಡ್ರೈಯರ್‌ನ ಬ್ಲೋವರ್ ಆಗ ದಿನವಿಡೀ ತಿರುಗುತ್ತದೆ. ವರ್ಷದ ಅತಿ ಹೆಚ್ಚು ಲೋಡೂ ಅತಿ ಹೆಚ್ಚು ಬಿಸಿಲೂ ಒಂದೇ ಹೊತ್ತಿಗೆ ಕೂಡಿಬರುವ ಯಂತ್ರ ಅದು. ಮೋಟರು 37 ಕಿಲೋವ್ಯಾಟ್, 415 ವೋಲ್ಟ್. ಪ್ಯಾನೆಲ್‌ನಿಂದ ಬ್ಲೋವರಿಗೆ 140 ಮೀಟರ್ ದೂರ. ಸ್ಟಾರ್–ಡೆಲ್ಟಾ ಸ್ಟಾರ್ಟರ್ ಮೋಟರಿನ ಪಕ್ಕದಲ್ಲೇ ಇರುವುದರಿಂದ ಪ್ಯಾನೆಲ್‌ನಿಂದ ಹೊರಡುವುದು ಒಂದೇ ಕೇಬಲ್. ಆ ಕೇಬಲ್ ತಗಡಿನ ಸೂರಿನ ಕೆಳಗೆ, ಗೋಡೆಗೆ ಕೂರಿಸಿದ ತೂತಿನ ಟ್ರೇಯ ಮೇಲೆ ಹಾದುಹೋಗುತ್ತದೆ. ಟ್ರೇಯಲ್ಲಿ ಅದರ ಮಗ್ಗುಲಿಗೆ ಇನ್ನೂ ಐದು ಕೇಬಲ್‌ಗಳಿವೆ, ಒಂದಕ್ಕೊಂದು ಅಂಟಿಕೊಂಡು.

ಮೊದಲು ಆ 70 ಆಂಪಿಯರ್ ಎಂಬುದರ ಅರ್ಥ ಏನೆಂದು ನೋಡಬೇಕು. ಅದು ಕೇಬಲ್ಲಿನ ಹುಟ್ಟುಗುಣವಲ್ಲ, ಕೆಲವು ಷರತ್ತುಗಳ ಮೇಲೆ ಕೊಟ್ಟ ಮಾತು. ನಮ್ಮ ಕ್ಯಾಟಲಾಗ್‌ಗಳ ಪಿವಿಸಿ ಕೇಬಲ್ ಅಂಕಿಗಳಿಗೆ 1967ರ ಐಎಸ್ 3961ರ ಎರಡನೇ ಭಾಗವೇ ಮೂಲ. ಅದರ ಷರತ್ತು ಹೀಗಿದೆ: ಸುತ್ತಲಿನ ಗಾಳಿ 40 ಡಿಗ್ರಿ ಇರಬೇಕು, ಕೇಬಲ್ ಒಂಟಿಯಾಗಿರಬೇಕು, ಅದರ ಸುತ್ತ ಗಾಳಿ ಸಲೀಸಾಗಿ ಆಡಬೇಕು. ಆಗ 70 ಆಂಪಿಯರ್ ಹರಿದರೆ ಒಳಗಿನ ಅಲ್ಯೂಮಿನಿಯಂ 70 ಡಿಗ್ರಿಗೆ ಏರಿ ನಿಲ್ಲುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ವರ್ಷಗಟ್ಟಲೆ ತಾಳಬಲ್ಲ ಮೇಲ್ಮಿತಿಯೂ ಅದೇ 70 ಡಿಗ್ರಿ. ಆಂಪಿಯರಿಗೂ ಡಿಗ್ರಿಗೂ ಒಂದೇ ಅಂಕಿ ಬಂದಿರುವುದು ಬರೀ ಕಾಕತಾಳೀಯ. ಅದರಿಂದ ಗೊಂದಲ ಆಗುವುದುಂಟು, ಅದಕ್ಕೇ ಹೇಳಿದೆ. ಹಾಗಾಗಿ ಕ್ಯಾಟಲಾಗ್ ನಿಜವಾಗಿ ಕೊಡುತ್ತಿರುವುದು 30 ಡಿಗ್ರಿಯ ಅವಕಾಶ, ನಲವತ್ತರಿಂದ ಎಪ್ಪತ್ತರವರೆಗೆ. ಕೇಬಲ್ ತನ್ನ ಬಿಸಿಯಿಂದ ಏರಬಹುದಾದದ್ದು ಅಷ್ಟೇ.

ಈ ಏರಿಕೆ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಕರೆಂಟು ಒಂದೂಕಾಲು ಪಟ್ಟಾದರೆ ಬಿಸಿಯ ಏರಿಕೆ ಒಂದೂವರೆ ಪಟ್ಟಿಗೂ ಮಿಗಿಲು. ಸೂತ್ರ ಇಷ್ಟೇ:

```
T = Ta + 30 × (I / Iz)²
```

ಇಲ್ಲಿ T ವಾಹಕದ ಉಷ್ಣತೆ, Ta ಸುತ್ತಲಿನ ಗಾಳಿಯದು, I ಹರಿಯುವ ಕರೆಂಟು, Iz ಎಂದರೆ ಆ ಜೋಡಣೆಯಲ್ಲಿ 40 ಡಿಗ್ರಿಯ ಗಾಳಿಗೆ ಸಲ್ಲುವ ಕರೆಂಟು. ನಮ್ಮ ಕೇಬಲ್ ಒಂಟಿಯಾಗಿ, 40 ಡಿಗ್ರಿಯ ಗಾಳಿಯಲ್ಲಿದ್ದರೆ 65 ಆಂಪಿಯರಿಗೆ ಸುಮಾರು 66 ಡಿಗ್ರಿಗೆ ಏರುತ್ತದೆ. ಎಲೆಕ್ಟ್ರಿಷಿಯನ್ ಹೇಳಿದ್ದು ಸರಿಯಾಗಿಯೇ ಇದೆ. ತಪ್ಪಿರುವುದು ಕೇಬಲ್ ಮಲಗಿರುವ ಜಾಗ.

ಆ ಜಾಗದ ಗಾಳಿ ಎಷ್ಟು ಬಿಸಿ? ರೇಡಿಯೋದಲ್ಲಿ “ರಾಯಚೂರಿನಲ್ಲಿ ಇಂದು ಗರಿಷ್ಠ 42 ಡಿಗ್ರಿ” ಎಂದರೆ ಅದು ಬಯಲಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ ಇಟ್ಟ ಉಷ್ಣಮಾಪಕದ ಅಂಕಿ. ಬಿಸಿಲಿಗೆ ಕಾದ ತಗಡಿನ ಒಂದಡಿ ಕೆಳಗಿನ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಡ್ರೈಯರ್‌ನ ಬಿಸಿಗಾಳಿಯೂ ಮೇಲೇರಿ ಸೇರುವುದು ಅಲ್ಲಿಗೇ. ಟ್ರೇಯ ಮಟ್ಟದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಉಷ್ಣಮಾಪಕ ತೂಗುಹಾಕಿದರೆ 50 ಡಿಗ್ರಿ ತೋರಿಸುವುದು ಅಚ್ಚರಿಯೇನಲ್ಲ. ಯಾರೂ ತೂಗುಹಾಕುವುದಿಲ್ಲ, ಅಷ್ಟೇ. ಇದು ಇಳಿಯುವ ಅಂಕಿಯೂ ಅಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಂತೆ 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿಯ ವರ್ಷ 2024. ಆ ವರ್ಷದ ಸರಾಸರಿ 1991–2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚಿತ್ತು. ಕೇಬಲ್ ಹಾಕಿ ಇಪ್ಪತ್ತೈದು ವರ್ಷ ಅದರ ಗೊಡವೆಗೆ ಹೋಗದವರು ಈ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಗಾಳಿಯೇ 50 ಡಿಗ್ರಿ ಇದ್ದರೆ ಕೇಬಲ್ಲಿಗೆ ಉಳಿಯುವ ಅವಕಾಶ 30 ಅಲ್ಲ, 20. ಅದರಿಂದ ಬರುವ ತಿದ್ದುಪಡಿ:

```
√((70 − 50) / (70 − 40)) = 0.816
```

ಎಪ್ಪತ್ತು ಆಂಪಿಯರಿನ ಕೇಬಲ್ ಈಗ 57 ಆಂಪಿಯರಿನ ಕೇಬಲ್. ಒಂಟಿಯಾಗಿದ್ದರೂ ಸರಿ, ಇಲ್ಲಿಗಾಗಲೇ ಅದು 65 ಆಂಪಿಯರಿನ ಮೋಟರಿಗೆ ಸಾಲದು. ಈ ಇಳಿಕೆ ಒಂದೇ ಹದದ್ದೂ ಅಲ್ಲ. ನಲವತ್ತರಿಂದ ನಲವತ್ತೈದಕ್ಕೆ ಹೋದಾಗ ಕಳೆದುಕೊಳ್ಳುವುದು 6 ಆಂಪಿಯರ್, ಅಲ್ಲಿಂದ ಐವತ್ತಕ್ಕೆ ಸುಮಾರು 7, ಐವತ್ತೈದಕ್ಕೆ ಸುಮಾರು 8. ಕೇಬಲ್ಲಿನ ಮಿತಿಯನ್ನು ಸಮೀಪಿಸಿದಷ್ಟೂ ಪ್ರತಿ ಡಿಗ್ರಿ ಹೆಚ್ಚು ಹೆಚ್ಚು ಕಸಿಯುತ್ತದೆ. ಮೈಸೂರಿನ ಗಿರಣಿಗೆ ಒಂದು ಡಿಗ್ರಿ ಹೆಚ್ಚಾಗುವುದೂ ಸಿಂಧನೂರಿನ ಗಿರಣಿಗೆ ಒಂದು ಡಿಗ್ರಿ ಹೆಚ್ಚಾಗುವುದೂ ಕೇಬಲ್ಲಿನ ಪಾಲಿಗೆ ಒಂದೇ ಅಲ್ಲ.

ಇನ್ನು ಮಗ್ಗುಲಿನವರ ಸಂಗತಿ. ಚಳಿಯಲ್ಲಿ ಒತ್ತೊತ್ತಾಗಿ ಮಲಗಿದರೆ ಬೆಚ್ಚಗಾಗುತ್ತದೆ, ನಡುವೆ ಮಲಗಿದವನಿಗೆ ಇನ್ನೂ ಬೆಚ್ಚಗೆ. ಟ್ರೇಯ ಮೇಲೂ ಹಾಗೆಯೇ. ತೂತಿನ ಟ್ರೇಯ ಮೇಲೆ ಆರು ಕೇಬಲ್‌ಗಳು ಒಂದೇ ಪದರದಲ್ಲಿ ತಾಗಿಕೊಂಡಿದ್ದರೆ ಐಇಸಿ 60364ರ ಕೋಷ್ಟಕ ಕೊಡುವ ಗುಂಪಿನ ತಿದ್ದುಪಡಿ 0.76. ಅವನ್ನೇ ಹಗ್ಗದಂತೆ ಕಂತೆ ಕಟ್ಟಿದ್ದರೆ, ಇಲ್ಲವೇ ಒಂದೇ ಪೈಪಿನಲ್ಲಿ ತುರುಕಿದ್ದರೆ 0.57. ಈ ಅಂಕಿಗೂ ಷರತ್ತುಗಳಿವೆ. ಆರೂ ಕೇಬಲ್‌ಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಆರೂ ತುಂಬು ಲೋಡಿನಲ್ಲಿವೆ ಎಂಬ ಎಣಿಕೆಯ ಮೇಲೆ ಅದು ನಿಂತಿದೆ. ಗುಂಪಿನಲ್ಲಿ ತನಗೆ ಸಲ್ಲುವ ಕರೆಂಟಿನ ಶೇಕಡಾ 30ಕ್ಕಿಂತ ಕಡಿಮೆ ಹೊರುವ ಕೇಬಲ್ಲನ್ನು ಎಣಿಸುವ ಅಗತ್ಯವಿಲ್ಲ. ರಾತ್ರಿ ಮಾತ್ರ ಉರಿಯುವ ಅಂಗಳದ ದೀಪಗಳ ಕೇಬಲ್ ಟ್ರೇಯಲ್ಲಿದ್ದರೆ ಮಧ್ಯಾಹ್ನದ ಲೆಕ್ಕದಿಂದ ಅದನ್ನು ಬಿಡಬಹುದು. ಆದರೆ ಕೊಯ್ಲಿನ ಕಾಲದ ಗಿರಣಿಯಲ್ಲಿ ಡ್ರೈಯರ್, ಎಲಿವೇಟರ್, ಹಲ್ಲರ್, ಪಾಲಿಷರ್ ಎಲ್ಲವೂ ಒಟ್ಟಿಗೇ ಓಡುತ್ತವೆ. ಅಲ್ಲಿ ರಿಯಾಯಿತಿ ಕೇಳುವುದು ನ್ಯಾಯವಲ್ಲ.

ಎರಡೂ ತಿದ್ದುಪಡಿಗಳನ್ನು ಗುಣಿಸಿದರೆ ನಮ್ಮ ಕೇಬಲ್ಲಿಗೆ ಸಲ್ಲುವುದು 43 ಆಂಪಿಯರ್. ಹರಿಯುತ್ತಿರುವುದು 65. ಒಂಟಿ ಕೇಬಲ್ಲಿಗೆ ಎಪ್ಪತ್ತಿದ್ದದ್ದು ಗುಂಪಿನಲ್ಲಿ 53ಕ್ಕೆ ಇಳಿದಿರುವುದರಿಂದ ಮೇಲಿನ ಸೂತ್ರದಲ್ಲಿ Iz ಜಾಗಕ್ಕೆ 53 ಹಾಕಿ. ಏರಿಕೆ 45 ಡಿಗ್ರಿ, ಗಾಳಿಯ 50 ಸೇರಿ ಒಟ್ಟು 95. ಎಪ್ಪತ್ತರಲ್ಲಿ ನಿಲ್ಲಬೇಕಿದ್ದ ಅಲ್ಯೂಮಿನಿಯಂ ಚಹಾ ಕುದಿಯುವ ಬಿಸಿಯಲ್ಲಿ ಕೂತಿದೆ.

ಹಾಗಿದ್ದರೆ ಇಷ್ಟು ದಿನ ಯಾಕೆ ಏನೂ ಆಗಿಲ್ಲ? ಗಿರಣಿ ಮಾಲೀಕರು ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೇ. 95 ಡಿಗ್ರಿಗೆ ಪಿವಿಸಿ ಕರಗುವುದಿಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಅದು ಮುದಿಯಾಗುತ್ತದೆ. ಪಿವಿಸಿಯನ್ನು ಮೆತ್ತಗೆ ಇಡುವುದು ಅದರೊಳಗೆ ಬೆರೆಸಿದ ಎಣ್ಣೆಯಂಥ ಮೃದುಕಾರಿ. ಬಿಸಿಗೆ ಅದು ನಿಧಾನವಾಗಿ ಹಾರಿಹೋಗುತ್ತದೆ. ಹೊದಿಕೆ ಗಟ್ಟಿಯಾಗುತ್ತದೆ, ಆಮೇಲೆ ಪೆಡಸಾಗುತ್ತದೆ, ಕೊನೆಗೆ ಬಾಗಿಸಿದ ಕಡೆ ಬಿರುಕು ಬಿಡುತ್ತದೆ. ಮಿತಿಯನ್ನು ಮೀರಿದ ಪ್ರತಿ 8ರಿಂದ 10 ಡಿಗ್ರಿಗೆ ನಿರೋಧಕದ ಆಯುಷ್ಯ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ವಿದ್ಯುತ್ ಎಂಜಿನಿಯರುಗಳು ಬಹುಕಾಲದಿಂದ ನೆಚ್ಚಿಕೊಂಡು ಬಂದ ಕೈಲೆಕ್ಕ. ಅದನ್ನು ಹಿಡಿದರೆ 95 ಡಿಗ್ರಿಯಲ್ಲಿ ಒಂದು ಗಂಟೆ ಕಳೆದರೆ ಕೇಬಲ್ಲಿಗೆ ಆರರಿಂದ ಒಂಬತ್ತು ಗಂಟೆಯಷ್ಟು ವಯಸ್ಸಾಗುತ್ತದೆ. ಬೇಸಿಗೆಯ 120 ದಿನ, ದಿನಕ್ಕೆ 8 ಬಿಸಿ ಗಂಟೆ ಎಂದರೆ 960 ಗಂಟೆ. ಅಷ್ಟರಲ್ಲಿ ಕೇಬಲ್ಲಿಗೆ 5,500ರಿಂದ 8,500 ಗಂಟೆಯಷ್ಟು ವಯಸ್ಸು. ವರ್ಷಕ್ಕಿರುವುದೇ 8,760 ಗಂಟೆ. ಬೇಸಿಗೆಯ ಮಧ್ಯಾಹ್ನಗಳೊಂದೇ ಹೆಚ್ಚುಕಡಿಮೆ ಒಂದಿಡೀ ವರ್ಷವನ್ನು ತಿಂದುಬಿಡುತ್ತವೆ, ಉಳಿದ ತಿಂಗಳುಗಳ ಲೆಕ್ಕ ಬೇರೆ. ಇದು ಕೈಲೆಕ್ಕ, ಪಂಚಾಂಗವಲ್ಲ. ಇಂಥ ದಿನ ಕೇಬಲ್ ಹೋಗುತ್ತದೆ ಎಂದು ಇದರಿಂದ ಹೇಳಲಾಗದು. ಯಾವ ದಿಕ್ಕಿಗೆ, ಎಷ್ಟು ಬೇಗ ಸಾಗುತ್ತಿದೆ ಎಂಬುದನ್ನು ಹೇಳಬಹುದು.

ಕೇಬಲ್ ಕೆಡುವುದು ಮೇ ತಿಂಗಳಲ್ಲಿ, ಆದರೆ ಅದು ಕೈಕೊಡುವುದು ಹೆಚ್ಚಾಗಿ ಜೂನ್–ಜುಲೈನಲ್ಲಿ. ಬಿರುಕು ಬಿಟ್ಟ ಪಿವಿಸಿ ಒಣಗಿದ್ದಷ್ಟು ದಿನ ನಿರೋಧಕವಾಗಿಯೇ ಇರುತ್ತದೆ. ಮೆಗ್ಗರ್ ಹಚ್ಚಿದರೆ ಚೆನ್ನಾಗಿಯೇ ಓದುತ್ತದೆ. ಮೊದಲ ಮಳೆಯ ತೇವ, ಅದರ ಜೊತೆ ಗಿರಣಿಯ ತೌಡಿನ ಧೂಳು ಬಿರುಕಿಗೆ ಇಳಿದ ಮೇಲೆ ಫೇಸಿನಿಂದ ಆರ್ಮರಿಗೆ ದಾರಿ ಸಿಗುತ್ತದೆ. ಆಗ ಎಲ್ಲರೂ ಮಳೆಯನ್ನು ದೂರುತ್ತಾರೆ. “ನೀರು ಬಿದ್ದು ಶಾರ್ಟ್ ಆಯ್ತು” ಎಂದು ವರದಿ ಬರೆದು, ಅದೇ 25 ಸ್ಕ್ವೇರ್ ಕೇಬಲ್ಲಿನ ಹೊಸ ತುಂಡನ್ನು ಅದೇ ಟ್ರೇಯಲ್ಲಿ ಅದೇ ಜಾಗದಲ್ಲಿ ಮಲಗಿಸುತ್ತಾರೆ.

ಓವರ್‌ಲೋಡ್ ರಿಲೇ ಇದೆಯಲ್ಲ, ಅದೇಕೆ ಬೀಳುವುದಿಲ್ಲ? ರಿಲೇಗೆ ಗೊತ್ತಿರುವುದು ಆಂಪಿಯರ್ ಒಂದೇ. ಮೋಟರಿನ ಪೂರ್ಣ ಕರೆಂಟು 65 ಎಂದು ಅದನ್ನು ಅರವತ್ತೈದಕ್ಕೇ ತಿರುಗಿಸಿ ಇಟ್ಟಿದ್ದಾರೆ, ಅದು ಸರಿಯೇ. ಮೋಟರಿಗೆ ಅರವತ್ತೈದು ಆರೋಗ್ಯದ ಅಂಕಿ. ಪ್ಯಾನೆಲ್‌ನಲ್ಲಿರುವ 100 ಆಂಪಿಯರಿನ ಬ್ರೇಕರಿಗಂತೂ ಅದು ಲೆಕ್ಕಕ್ಕೇ ಇಲ್ಲ. 140 ಮೀಟರ್ ಉದ್ದದ ಕೇಬಲ್ ಸೂರಿನ ಕೆಳಗೆ ಎಷ್ಟು ಬಿಸಿಯ ಗಾಳಿಯಲ್ಲಿದೆ, ಮಗ್ಗುಲಲ್ಲಿ ಯಾರಿದ್ದಾರೆ ಎಂಬುದನ್ನು ಗೋಡೆಯ ಮೇಲಿನ ಪೆಟ್ಟಿಗೆಯೊಳಗಿನ ರಿಲೇ ತಿಳಿಯುವ ಬಗೆಯೇ ಇಲ್ಲ. ರಿಲೇಯನ್ನು 43ಕ್ಕೆ ಇಳಿಸಿದರೆ ಕೇಬಲ್ ಉಳಿಯುತ್ತದೆ, ಆದರೆ ಬ್ಲೋವರ್ ಓಡುವುದಿಲ್ಲ. ಮೋಟರ್ ಫೀಡರಿನ ವಿಚಾರದಲ್ಲಿ ಇದನ್ನು ಮನದಟ್ಟು ಮಾಡಿಕೊಳ್ಳಬೇಕು: ಕೇಬಲ್ಲನ್ನು ಬಿಸಿಯಿಂದ ಕಾಯುವ ಕೆಲಸ ಗಾತ್ರ ಆರಿಸುವ ದಿನವೇ ಮುಗಿದಿರಬೇಕು. ಆಮೇಲೆ ಕಾಯಲು ಯಾರೂ ಇಲ್ಲ.

ಈಗ ವೋಲ್ಟೇಜ್ ಇಳಿಕೆ. ದೂರದ ಮೋಟರಿಗೆ ಕೇಬಲ್ ಆರಿಸುವವರು ಇದನ್ನು ಹೆಚ್ಚಾಗಿ ಲೆಕ್ಕ ಹಾಕಿಯೇ ಹಾಕುತ್ತಾರೆ. ಆ ಲೆಕ್ಕ ಪಾಸಾದರೆ ನೆಮ್ಮದಿ. ನನ್ನ ಪ್ರಕಾರ ಅಪಾಯವಿರುವುದು ಆ ನೆಮ್ಮದಿಯಲ್ಲೇ. ಸೂತ್ರ ಎಲ್ಲರಿಗೂ ಪರಿಚಿತ:

```
ΔV = √3 × I × L × (R cosφ + X sinφ)
```

ನಮ್ಮ ಫೀಡರಿಗೆ L 0.14 ಕಿಲೋಮೀಟರ್, ಪವರ್ ಫ್ಯಾಕ್ಟರ್ 0.86, X ಕಿಲೋಮೀಟರಿಗೆ ಸುಮಾರು 0.08 ಓಮ್. 25 ಸ್ಕ್ವೇರ್ ಅಲ್ಯೂಮಿನಿಯಂನ R ಕ್ಯಾಟಲಾಗ್‌ನಲ್ಲಿ ಕಿಲೋಮೀಟರಿಗೆ 1.20 ಓಮ್ ಎಂದಿರುತ್ತದೆ. ಅದನ್ನೇ ಹಾಕಿದರೆ ಇಳಿಕೆ ಸುಮಾರು 17 ವೋಲ್ಟ್, ಅಂದರೆ ಶೇಕಡಾ 4.1. ಐದರ ಮಿತಿಯೊಳಗೆ ಆರಾಮವಾಗಿದೆ. ಆದರೆ ಆ 1.20 ಎಂಬುದು 20 ಡಿಗ್ರಿಯ ಅಂಕಿ, ಕಾರ್ಖಾನೆಯಲ್ಲಿ ತಣ್ಣಗಿರುವ ಡ್ರಮ್ಮಿನ ಮೇಲಿನದು. ಅಲ್ಯೂಮಿನಿಯಂನ ಪ್ರತಿರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ. 70 ಡಿಗ್ರಿಯಲ್ಲಿ ಅದು 1.44. ಆಗ ಇಳಿಕೆ 20.2 ವೋಲ್ಟ್, ಶೇಕಡಾ 4.9. ಎಚ್ಚರದ ಎಂಜಿನಿಯರು ಈ ಎರಡನೇ ಲೆಕ್ಕವನ್ನೇ ಮಾಡುತ್ತಾನೆ. ಕೂದಲೆಳೆಯಲ್ಲಿ ಪಾಸಾಯಿತೆಂದು ಸಹಿ ಹಾಕುತ್ತಾನೆ. ಆದರೆ ಕೇಬಲ್ ಇರುವುದು 95 ಡಿಗ್ರಿಯಲ್ಲಿ. ಅಲ್ಲಿ R 1.56, ಇಳಿಕೆ 21.8 ವೋಲ್ಟ್, ಶೇಕಡಾ 5.3. ಫೇಲು.

ಬಿಸಿಯ ಲೆಕ್ಕ ಒಂದು ಹಾಳೆಯಲ್ಲಿ, ವೋಲ್ಟೇಜಿನ ಲೆಕ್ಕ ಇನ್ನೊಂದು ಹಾಳೆಯಲ್ಲಿ ಮಾಡುವುದರಿಂದ ಬರುವ ತಪ್ಪು ಇದು. ಅವು ಎರಡು ಲೆಕ್ಕಗಳಲ್ಲ. ಮೋಟರಿಗೆ ಸಿಗುವ ವೋಲ್ಟೇಜು ಕುಸಿದರೂ ಬ್ಲೋವರ್ ಕೇಳುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ಮೋಟರು ಹೆಚ್ಚು ಕರೆಂಟು ಎಳೆದು ಕೊರತೆ ತುಂಬಿಕೊಳ್ಳುತ್ತದೆ. ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ತುಂಬು ಲೋಡಿನ ಕರೆಂಟು ಸುಮಾರು ಶೇಕಡಾ 11 ಏರುತ್ತದೆಂದು ಇಟ್ಟುಕೊಳ್ಳಬಹುದು. ಬೇಸಿಗೆಯ ಮಧ್ಯಾಹ್ನ ಸುತ್ತಲಿನ ಊರುಗಳ ಕೂಲರುಗಳೆಲ್ಲ ಓಡುವ ಹೊತ್ತಿಗೆ ಪ್ಯಾನೆಲ್‌ನಲ್ಲೇ 390 ವೋಲ್ಟ್ ಸಿಗುವುದು ಅಪರೂಪವೇನಲ್ಲ. ಅದರಲ್ಲಿ ಕೇಬಲ್ಲಿನ 22 ಕಳೆದರೆ ಮೋಟರಿನ ಟರ್ಮಿನಲ್ಲಿಗೆ 368. ಕರೆಂಟು ಸುಮಾರು 72ಕ್ಕೆ ಏರುತ್ತದೆ. 72 ಆಂಪಿಯರಿಗೆ ಅದೇ ಕೇಬಲ್ಲಿನ ಉಷ್ಣತೆ 105 ಡಿಗ್ರಿ. ಬಿಸಿ ಏರಿತು, ಪ್ರತಿರೋಧ ಏರಿತು, ವೋಲ್ಟೇಜು ಇನ್ನಷ್ಟು ಇಳಿಯಿತು. ಬಾಲವನ್ನು ತಾನೇ ಕಚ್ಚಿಕೊಂಡ ಹಾವಿನ ಹಾಗೆ. ಇದು ಎಲ್ಲೆ ಮೀರಿ ಓಡುವ ಸುತ್ತಲ್ಲ, ಒಂದು ಹಂತದಲ್ಲಿ ನಿಲ್ಲುತ್ತದೆ. ಆದರೆ ಆ ಹಂತದಲ್ಲಿ ಹೊದಿಕೆಯ ವಯಸ್ಸು ಹತ್ತು ಪಟ್ಟಿಗೂ ಮೇಲೆ ಓಡುತ್ತಿರುತ್ತದೆ.

ರಿಲೇ ಈಗ ಮೊದಲ ಸಲ ಏನೋ ಹೇಳಲು ಬಾಯಿ ತೆರೆಯುತ್ತದೆ. 72 ಎಂದರೆ ಅದರ ಸೆಟ್ಟಿಂಗಿನ 1.11 ಪಟ್ಟು. ನಿಯಮದಂತೆ 1.05 ಪಟ್ಟಿಗೆ ಅದು ಬೀಳಬಾರದು, 1.2 ಪಟ್ಟಿಗೆ ಎರಡು ಗಂಟೆಯೊಳಗೆ ಬೀಳಲೇಬೇಕು. ನಡುವೆ ಇದ್ದರೆ ಬಿದ್ದರೂ ಬಿತ್ತು, ಬಿಟ್ಟರೂ ಬಿಟ್ಟಿತು. ಹಾಗಾಗಿ ಕೆಲವು ಮಧ್ಯಾಹ್ನ ಬ್ಲೋವರ್ ನಿಲ್ಲುತ್ತದೆ. ಡ್ರೈಯರ್‌ನಲ್ಲಿ ಭತ್ತ ಇರುತ್ತದೆ, ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಿರುತ್ತದೆ. ಆಪರೇಟರ್ ಸ್ಕ್ರೂಡ್ರೈವರ್ ತೆಗೆದು ರಿಲೇಯ ಗುಂಡಿಯನ್ನು 75ಕ್ಕೆ ತಿರುಗಿಸುತ್ತಾನೆ. ಅಲ್ಲಿಗೆ ಅದರ ಬಾಯಿ ಮತ್ತೆ ಮುಚ್ಚಿತು. ಯಾವುದೇ ಗಿರಣಿಗೆ ಹೋದಾಗ ನಾನು ಮೊದಲು ನೋಡುವುದು ಇದನ್ನೇ: ರಿಲೇಯ ಸೆಟ್ಟಿಂಗ್ ನಾಮಫಲಕದ ಅಂಕಿಗಿಂತ ಮೇಲಿದ್ದರೆ ಆ ಫೀಡರಿನ ಪೂರ್ವಕಥೆ ಅಲ್ಲೇ ಸಿಕ್ಕಹಾಗೆ.

ಸ್ಟಾರ್ಟಿಂಗ್ ಬಗ್ಗೆ ಎರಡು ಮಾತು ಸಾಕು. ಸ್ಟಾರ್‌ನಲ್ಲಿ ಮೋಟರಿನ ತಿರುಗುಬಲ ನೇರ ಸ್ಟಾರ್ಟಿನ ಮೂರನೇ ಒಂದು ಭಾಗವಷ್ಟೇ, ಮೇಲಾಗಿ ಅದು ವೋಲ್ಟೇಜಿನ ವರ್ಗವನ್ನು ಹಿಂಬಾಲಿಸುತ್ತದೆ. ಪ್ಯಾನೆಲ್‌ನಲ್ಲಿ 390 ಇದ್ದು, ಸ್ಟಾರ್ಟಿಂಗ್ ಕರೆಂಟು 143 ಆಂಪಿಯರಿನಷ್ಟಿದ್ದರೆ ಕೇಬಲ್ 20 ವೋಲ್ಟ್ ನುಂಗಿ ಮೋಟರಿಗೆ 370 ಬಿಡುತ್ತದೆ. ಮೊದಲೇ ಮೂರನೇ ಒಂದಾಗಿದ್ದ ಬಲದಲ್ಲಿ ಐದನೇ ಒಂದು ಭಾಗ ಮತ್ತೆ ಹೋಯಿತು. ಬ್ಲೋವರಿನ ಚಕ್ರ ಭಾರದ್ದು. ವೇಗ ಹಿಡಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟೂ ಹೊತ್ತು ಕೇಬಲ್ ಎರಡು ಪಟ್ಟಿಗೂ ಮಿಕ್ಕ ಕರೆಂಟು ಹೊರುತ್ತದೆ. ಬೆಳಗ್ಗೆ ಆರು ಎಣಿಸುವಷ್ಟರಲ್ಲಿ ಡೆಲ್ಟಾಗೆ ಬೀಳುತ್ತಿದ್ದ ಮೋಟರು ಮಧ್ಯಾಹ್ನ ಹತ್ತು ಹನ್ನೆರಡು ಎಣಿಸಿದರೂ ಗೊಣಗುತ್ತಿದ್ದರೆ ಕಾರಣ ಇಲ್ಲಿರಬಹುದು.

ಸರಿಯಾದ ಗಾತ್ರ ಯಾವುದು ಹಾಗಾದರೆ? 72 ಆಂಪಿಯರನ್ನು 0.816ರಿಂದಲೂ 0.76ರಿಂದಲೂ ಭಾಗಿಸಿದರೆ ಕ್ಯಾಟಲಾಗ್‌ನಲ್ಲಿ ಹುಡುಕಬೇಕಾದ ಅಂಕಿ 116. 50 ಸ್ಕ್ವೇರ್ ಕೇಬಲ್ಲಿನ ಅಂಕಿ 105, ಸಾಲದು. 70 ಸ್ಕ್ವೇರಿನದು 130, ಸಾಕು. ಇಪ್ಪತ್ತೈದು ಇದ್ದಲ್ಲಿ ಎಪ್ಪತ್ತು! ಮಾಲೀಕರಿಗೆ ಇದನ್ನು ಹೇಳಿದರೆ ಮುಖ ಬಿಗಿಯುತ್ತದೆ, ಬಿಗಿಯಲೇಬೇಕು. ಆದರೆ ಇಲ್ಲಿ ನಾನು ಬಹಳ ಎಂಜಿನಿಯರುಗಳೊಂದಿಗೆ ಜಗಳ ಕಾಯುತ್ತೇನೆ. ತಿದ್ದುಪಡಿಯ ಅಂಕಿಗಳನ್ನು ಹಣೆಬರಹವೆಂದು ಒಪ್ಪಿಕೊಂಡು ದಪ್ಪ ಕೇಬಲ್ ಬರೆದುಕೊಡುವುದು ಸೋಮಾರಿತನ. ಆ ಅಂಕಿಗಳು ಜಾಗದಿಂದ ಹುಟ್ಟಿದವು, ಜಾಗವನ್ನು ಬದಲಿಸಬಹುದು.

ಟ್ರೇಯನ್ನು ಸೂರಿನ ಅಡಿಯಿಂದ ಇಳಿಸಿ, ನೆರಳಿನ ಗೋಡೆಗೆ, ಡ್ರೈಯರ್‌ನ ಬಿಸಿಗಾಳಿ ತಾಗದ ಎತ್ತರಕ್ಕೆ ತಂದರೆ ಅಲ್ಲಿನ ಗಾಳಿ 43 ಡಿಗ್ರಿ ಇದೆಯೆನ್ನೋಣ. ತಿದ್ದುಪಡಿ 0.816 ಇದ್ದದ್ದು 0.95 ಆಗುತ್ತದೆ. ಕೇಬಲ್‌ಗಳ ನಡುವೆ ಒಂದೊಂದು ಕೇಬಲ್ಲಿನ ದಪ್ಪದಷ್ಟು ಸಂದು ಬಿಟ್ಟರೆ ಆರು ಕೇಬಲ್‌ಗಳ ಗುಂಪಿಗೆ 0.76 ಬದಲು 0.91. ಅದಕ್ಕೆ ಬೇಕಾದದ್ದು ಸುಮಾರು ಒಂದಡಿ ಅಗಲದ ಟ್ರೇ ಮತ್ತು ಕೇಬಲ್‌ಗಳನ್ನು ಜಾಗದಲ್ಲೇ ಹಿಡಿದಿಡುವ ಕ್ಲ್ಯಾಂಪುಗಳು. ಹೀಗೆ ಮಾಡಿದರೆ ಹಳೆಯ 25 ಸ್ಕ್ವೇರ್ ಕೇಬಲ್ಲಿನ ಸಾಮರ್ಥ್ಯ 43ರಿಂದ 60 ಆಂಪಿಯರಿಗೆ ಏರುತ್ತದೆ. ಆದರೂ 65ಕ್ಕೆ ಸಾಲದು, ಅದನ್ನು ಮುಚ್ಚಿಡಬಾರದು. ಆದರೆ 86 ಆಂಪಿಯರಿನ 35 ಸ್ಕ್ವೇರ್ ಕೇಬಲ್ ಇಲ್ಲಿ 74 ಆಂಪಿಯರ್ ಹೊರುತ್ತದೆ. ವೋಲ್ಟೇಜ್ ಇಳಿಕೆ ಶೇಕಡಾ 3.6ಕ್ಕೆ ಬರುತ್ತದೆ. ಕೆಟ್ಟ ಜಾಗದಲ್ಲಿ 70 ಸ್ಕ್ವೇರ್, ಒಳ್ಳೆಯ ಜಾಗದಲ್ಲಿ 35 ಸ್ಕ್ವೇರ್. ಅರ್ಧದಷ್ಟು ಅಲ್ಯೂಮಿನಿಯಂ ಉಳಿಸಿದ್ದು ಬರೀ ಗಾಳಿ.

ಎಕ್ಸ್‌ಎಲ್‌ಪಿಇ ಕೇಬಲ್ ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅದರ ಮಿತಿ 90 ಡಿಗ್ರಿ, ನಿಜ. ಗಾಳಿಯ ಬಿಸಿ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ, ಅದೂ ನಿಜ. ಆದರೆ ಪಿವಿಸಿ ಕೇಬಲ್‌ಗಳಿರುವ ಟ್ರೇಯಲ್ಲೇ ಅದನ್ನು ತಾಗಿಸಿ ಮಲಗಿಸಿ, ತೊಂಬತ್ತರವರೆಗೆ ಕಾಯಲು ಬಿಟ್ಟರೆ ಅದು ಉಳಿಯುತ್ತದೆ, ಮಗ್ಗುಲಿನ ಪಿವಿಸಿ ಸಾಯುತ್ತದೆ. ಬೆರಕೆ ಗುಂಪಿನಲ್ಲಿ ಅತಿ ಕಡಿಮೆ ತಾಳಿಕೆಯ ಕೇಬಲ್ಲಿನ ಮಿತಿಯೇ ಎಲ್ಲರ ಮಿತಿ. ಜೊತೆಗೆ 90 ಡಿಗ್ರಿಯ ವಾಹಕ ಹೋಗಿ ಸೇರುವ ಸ್ಟಾರ್ಟರಿನ ಟರ್ಮಿನಲ್ಲು ಆ ಬಿಸಿಗೆ ಒಪ್ಪುತ್ತದೆಯೇ ಎಂಬುದನ್ನೂ ಕೇಳಬೇಕು.

ಕ್ಯಾಟಲಾಗ್ ಓದುವಾಗ ಒಂದು ಗುಂಡಿ ಇದೆ, ಅನುಭವಿಗಳೂ ಬೀಳುತ್ತಾರೆ. ನಮ್ಮ ಕೋಷ್ಟಕಗಳ ಮೂಲ ಗಾಳಿ 40 ಡಿಗ್ರಿ, ಐಇಸಿ ಕೋಷ್ಟಕಗಳದ್ದು 30. 50 ಡಿಗ್ರಿಗೆ ಪಿವಿಸಿಯ ತಿದ್ದುಪಡಿ ಮೊದಲನೆಯದರಲ್ಲಿ 0.82, ಎರಡನೆಯದರಲ್ಲಿ 0.71. ಮೂವತ್ತರ ಮೇಲೆ ನಿಂತ ಆಂಪಿಯರನ್ನು ತೆಗೆದುಕೊಂಡು ನಲವತ್ತರ ತಿದ್ದುಪಡಿಯಿಂದ ಗುಣಿಸಿದರೆ ಕಾಗದದಲ್ಲಿ ಶೇಕಡಾ 15ರಷ್ಟು ಇಲ್ಲದ ಸಾಮರ್ಥ್ಯ ಹುಟ್ಟಿಕೊಳ್ಳುತ್ತದೆ. ಅಂಕಿ ಬಳಸುವ ಮುಂಚೆ ಕೋಷ್ಟಕದ ತಲೆಬರಹದ ಕೆಳಗಿನ ಸಣ್ಣಕ್ಷರ ಓದಬೇಕು.

ಈಗಾಗಲೇ ಹಾಕಿರುವ ಕೇಬಲ್ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಅದನ್ನು ಕತ್ತರಿಸಬೇಕಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಗನ್ನಿನಂತೆ ಹಿಡಿಯುವ ಉಷ್ಣಮಾಪಕವನ್ನು ಟ್ರೇಯ ನಡುವಿನ ಕೇಬಲ್ಲಿನ ಮೇಲೆ ಹಿಡಿಯಿರಿ, ಅಂಚಿನದರ ಮೇಲಲ್ಲ. ಹೊರಮೈ ಒಳಗಿನ ವಾಹಕಕ್ಕಿಂತ ಸುಮಾರು 5ರಿಂದ 10 ಡಿಗ್ರಿ ತಣ್ಣಗಿರುತ್ತದೆ. ಹಾಗಾಗಿ ಹೊರಗೆ 65 ಓದಿದರೆ ಒಳಗೆ ಮಿತಿ ಮುಗಿದಿದೆ. ಗ್ಲ್ಯಾಂಡಿನ ಬಳಿ ಹೊದಿಕೆ ಕಂದಿದೆಯೇ, ಲಗ್ಗಿನ ಹತ್ತಿರ ಸುಟ್ಟ ಪಿವಿಸಿಯ ಹುಳಿ ವಾಸನೆ ಇದೆಯೇ ನೋಡಿ. ಅಲ್ಯೂಮಿನಿಯಂ ಕಾದು ತಣಿದು ಕಾದು ತಣಿದು ಲಗ್ಗಿನಲ್ಲಿ ಸಡಿಲವಾಗುತ್ತದೆ, ಸಡಿಲವಾದಲ್ಲಿ ಇನ್ನಷ್ಟು ಕಾಯುತ್ತದೆ.

ಅದಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಇನ್ನೊಂದಿದೆ, ಏಕೆಂದರೆ ಅದರಲ್ಲಿ ಕೇಬಲ್ಲೇ ಉಷ್ಣಮಾಪಕ. ಎರಡು ಮಲ್ಟಿಮೀಟರ್, ಒಂದು ಟಾಂಗ್ ಟೆಸ್ಟರ್, ಎರಡೂ ತುದಿಯಲ್ಲಿ ಫೋನು ಹಿಡಿದ ಇಬ್ಬರು ಅನುಭವಿಗಳು ಸಾಕು. ಮೊದಲು ಎರಡೂ ಮೀಟರುಗಳನ್ನು ಪ್ಯಾನೆಲ್‌ನಲ್ಲಿ ಒಂದೇ ಕಡೆ ಹಚ್ಚಿ ಅವುಗಳ ನಡುವಿನ ವ್ಯತ್ಯಾಸ ಬರೆದುಕೊಳ್ಳಿ. ಶೇಕಡಾ 1ರ ತಪ್ಪೆಂದರೆ 4 ವೋಲ್ಟ್, ನಾವು ಹುಡುಕುತ್ತಿರುವ ಬದಲಾವಣೆಯೂ ಅಷ್ಟೇ. ಆಮೇಲೆ ಬೆಳಗ್ಗೆ, ಕೇಬಲ್ ತಣ್ಣಗಿರುವಾಗ, ಬ್ಲೋವರ್ ಪೂರ್ತಿ ವೇಗಕ್ಕೆ ಬಂದ ಮೊದಲ ಒಂದೆರಡು ನಿಮಿಷದಲ್ಲಿ ಎರಡೂ ತುದಿಯ ವೋಲ್ಟೇಜನ್ನೂ ಕರೆಂಟನ್ನೂ ಒಂದೇ ಕ್ಷಣಕ್ಕೆ ಓದಿ. ಮಧ್ಯಾಹ್ನ ಅದೇ ಲೋಡಿನಲ್ಲಿ ಮತ್ತೆ ಓದಿ. ಪ್ರತಿ ಆಂಪಿಯರಿಗೆ ಎಷ್ಟು ವೋಲ್ಟ್ ಇಳಿಯಿತೆಂದು ಎರಡನ್ನೂ ಭಾಗಿಸಿ ಹೋಲಿಸಿ. ನಮ್ಮ ಫೀಡರಿನಲ್ಲಿ ಬೆಳಗಿನ 30 ಡಿಗ್ರಿಗೆ 65 ಆಂಪಿಯರಿನಲ್ಲಿ 17.6 ವೋಲ್ಟ್ ಬರಬೇಕು. ಮಧ್ಯಾಹ್ನದ ಅಂಕಿ ಬೆಳಗಿನದಕ್ಕಿಂತ ಶೇಕಡಾ 15ರಷ್ಟು ಹೆಚ್ಚಿದ್ದರೆ ವಾಹಕ 70 ಡಿಗ್ರಿ ಮುಟ್ಟಿದೆ. ಶೇಕಡಾ 24 ಹೆಚ್ಚಿದ್ದರೆ 95 ಮುಟ್ಟಿದೆ. ಇದು ಕೇಬಲ್ಲಿನ ಇಡೀ ಉದ್ದದ ಸರಾಸರಿ, ಸೂರಿನ ಕೆಳಗಿನ ತುಂಡು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಈ ಓದನ್ನು ಮಾರ್ಚಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ, ಮತ್ತು ಟ್ರೇಯಲ್ಲಿ ಏಳನೆಯ ಕೇಬಲ್ ಮಲಗಿಸಿದ ಮರುದಿನ ತೆಗೆದು ಪ್ಯಾನೆಲ್‌ನ ಬಾಗಿಲಿನ ಒಳಬದಿಗೆ ಅಂಟಿಸಿ.